ಓರೆ ಸೈಟಿನ ವಿಸ್ತೀರ್ಣ: 60×40 ಬರೆದಿದ್ದಾರೆ, ಮೂಲೆ 75 ಡಿಗ್ರಿ. 2400 ಚದರಡಿಯೋ, 2318 ಚದರಡಿಯೋ?

ಓರೆಸೈಟು
ನೋಡುತ್ತಿರುವ ಸೈಟು ಆಯತಾಕಾರದಲ್ಲಿಲ್ಲ. ಎದುರು ಬದುರು ಗಡಿಗಳು ಸಮಾಂತರವಾಗಿವೆ, ಆದರೆ ಇಡೀ ಸೈಟು ಒಂದು ಕಡೆ ವಾಲಿದೆ. ಮಾರುವವರು ಕೊಟ್ಟ ನಕ್ಷೆಯಲ್ಲಿ ರಸ್ತೆ ಕಡೆ 60 ಅಡಿ, ಪಕ್ಕದಲ್ಲಿ 40 ಅಡಿ, ಒಂದು ಮೂಲೆಯಲ್ಲಿ 75° ಎಂದಿದೆ. ಕೆಳಗೆ ಒಟ್ಟು 2400 ಚದರಡಿ ಎಂದು ಬರೆದಿದ್ದಾರೆ. ಪರಿಚಯದ ಎಂಜಿನಿಯರ್ ಒಬ್ಬರು `60 × 40 × sin 75°` ಮಾಡಿ 2318 ಅಂದರು. ಮಗನ ಪುಸ್ತಕದಲ್ಲಿ ಸಮಾಂತರ ಚತುರ್ಭುಜಕ್ಕೆ ಪಾದ × ಎತ್ತರ ಅಂತಿದೆ, ಸೈನ್ ಸುದ್ದಿಯೇ ಇಲ್ಲ. ಎರಡು ಸೂತ್ರ, ಎರಡು ಉತ್ತರ. 82 ಚದರಡಿ ವ್ಯತ್ಯಾಸ ಅಂದರೆ ಸಣ್ಣ ಮೊತ್ತವಲ್ಲ. ಯಾವುದನ್ನು ನಂಬಬೇಕು?

ಪುಸ್ತಕದ_ಅಟ್ಟಿ
2400 ಸರಿ. ಒಂದೇ ಅಳತೆಯ ಪುಸ್ತಕಗಳನ್ನು ಅಟ್ಟಿ ಕಟ್ಟಿ, ಪಕ್ಕದಿಂದ ನೂಕಿ ವಾಲಿಸಿ. ಪಕ್ಕದಿಂದ ನೋಡಿದರೆ ಆಯತ ಹೋಗಿ ಸಮಾಂತರ ಚತುರ್ಭುಜ ಆಗುತ್ತೆ, ಆದರೆ ಕಾಗದ ಒಂದು ಹಾಳೆಯೂ ಕಡಿಮೆ ಆಗಿಲ್ಲವಲ್ಲ. ವಾಲಿಸಿದರೆ ವಿಸ್ತೀರ್ಣ ಬದಲಾಗಲ್ಲ. ಸೈನ್ ಹಾಕಿ ಸುಮ್ಮನೆ ಗೊಂದಲ ಮಾಡಿದ್ದಾರೆ.

ಟೇಪು_ಗೂಟ
ಅಟ್ಟಿಯ ಮಾತು ನಿಜ, ಅದರಿಂದ ತೆಗೆದ ತೀರ್ಮಾನ ನಿಜವಲ್ಲ. ಅಟ್ಟಿ ವಾಲಿದಾಗ ಬದಲಾಗದೆ ಉಳಿಯೋದು ಅದರ ಪಾದ ಮತ್ತು ಎತ್ತರ. ಓರೆಯಾದ ಪಕ್ಕದ ಅಂಚು ಮಾತ್ರ ಉದ್ದವಾಗಿರುತ್ತೆ. 40 ಎತ್ತರದ ಅಟ್ಟಿಯನ್ನು 75°ಗೆ ವಾಲಿಸಿದರೆ ಪಕ್ಕದ ಓರೆ ಅಂಚು 40 ಇರಲ್ಲ, `40 ÷ sin 75°` ಅಂದರೆ 41.41 ಆಗುತ್ತೆ.

ಇನ್ನೊಂದು ಥರದ ವಾಲುವಿಕೆ ಇದೆ. ನಾಲ್ಕು ಮರದ ರೀಪು ತಗೊಂಡು ಮೂಲೆಗೆ ಒಂದೊಂದೇ ಮೊಳೆ ಹೊಡೆದು 60×40 ಚೌಕಟ್ಟು ಮಾಡಿ, ಒಂದು ಮೂಲೆ ಹಿಡಿದು ಒತ್ತಿ. ಇಲ್ಲಿ ಬಾಹುಗಳ ಉದ್ದ ಹಾಗೇ ಇರುತ್ತೆ, ಎತ್ತರ ಕುಸಿಯುತ್ತೆ. ಪೂರ್ತಿ ಒತ್ತಿದರೆ ರೀಪುಗಳೆಲ್ಲ ಒಂದೇ ಗೆರೆಗೆ ಬಂದು ಒಳಗಿನ ಜಾಗ ಸೊನ್ನೆ. ಅದೇ ನಾಲ್ಕು ಉದ್ದ ಇಟ್ಟುಕೊಂಡೇ 2400ರಿಂದ ಸೊನ್ನೆಯವರೆಗೆ ಯಾವ ವಿಸ್ತೀರ್ಣ ಬೇಕಾದರೂ ಬರುತ್ತೆ. ಆ ಕುಸಿತ ಎಷ್ಟು ಅನ್ನೋದನ್ನೇ ಸೈನ್ ಹೇಳೋದು.

ಹಾಗಾಗಿ ಸೂತ್ರ ಎರಡಲ್ಲ. ಬಾಹುಗಳು a, b, ಅವುಗಳ ನಡುವಿನ ಕೋನ θ ಅಂತಿಟ್ಟರೆ `ab sin θ`ದಲ್ಲಿರುವ `b sin θ`ನೇ ಎತ್ತರ. ಕೇಳಬೇಕಾದ ಪ್ರಶ್ನೆ ಒಂದೇ: ನಕ್ಷೆಯ 40 ಯಾವ 40? ಪಕ್ಕದ ಗಡಿಗುಂಟ ಟೇಪು ಹಿಡಿದ 40 ಆದರೆ ಎತ್ತರ 38.64 ಅಡಿ, ವಿಸ್ತೀರ್ಣ 2318. ರಸ್ತೆ ಗಡಿಯಿಂದ ಹಿಂದಿನ ಗಡಿಗೆ ನೇರ ಲಂಬವಾಗಿ ಅಳೆದ 40 ಆದರೆ ವಿಸ್ತೀರ್ಣ 2400, ಆಗ ಪಕ್ಕದ ಗಡಿ 41 ಅಡಿ 5 ಇಂಚು ಸಿಗಬೇಕು. ಹೋಗಿ ಪಕ್ಕದ ಗಡಿ ಅಳೆಯಿರಿ. ಒಂದು ಅಡಿ ಐದು ಇಂಚಿನ ವ್ಯತ್ಯಾಸ ಯಾವ ಟೇಪಿಗಾದರೂ ಕಾಣುತ್ತೆ.

ಪುಸ್ತಕದ_ಅಟ್ಟಿ
ಸರಿ, ಅಂಚು ಉದ್ದ ಆಗುತ್ತೆ ಅನ್ನೋದು ಒಪ್ಪಿದೆ. ಆದರೆ ಊರ ಕಡೆ ಎಲ್ಲರೂ ಎದುರು ಬದುರು ಬದಿಗಳ ಸರಾಸರಿ ತೆಗೆದು ಗುಣಿಸಿಯೇ ಅಲ್ಲವೇ ಲೆಕ್ಕ ಹಾಕೋದು? ಅದು ತಪ್ಪಾದರೆ ಇಷ್ಟು ಕಾಲ ಹೇಗೆ ನಡೆಯಿತು?

ಹಳೆಗಣಿತ
ಆ ಪದ್ಧತಿ ಬಹಳ ಹಳೆಯದು, ಒರಟು ಅನ್ನೋದೂ ಆಗಲೇ ಗೊತ್ತಿತ್ತು. 9ನೇ ಶತಮಾನದಲ್ಲಿ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಎದುರು ಬಾಹುಗಳ ಮೊತ್ತದ ಅರ್ಧಗಳನ್ನು ಗುಣಿಸುವ ಇದೇ ನಿಯಮ ಕೊಡುತ್ತಾನೆ. ಆದರೆ ವ್ಯಾವಹಾರಿಕ ಫಲ ಎಂಬ ಹೆಸರಿನಲ್ಲಿ. ಸೂಕ್ಷ್ಮ ಫಲಕ್ಕೆ ಬೇರೆ ನಿಯಮ ಇದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನಿಗೆ ಇಷ್ಟು ತಾಳ್ಮೆ ಇಲ್ಲ. ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ಬರೀ ನಾಲ್ಕು ಬಾಹು ಕೊಟ್ಟು ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರ ಹೇಳುವವನು ಅವನಿಗಿಂತ ಒಂದು ಕೈ ಮೇಲು ಎನ್ನುತ್ತಾನೆ. ಟೇಪು_ಗೂಟ ಅವರ ರೀಪಿನ ಚೌಕಟ್ಟೇ ಅವನ ವಾದದ ತಿರುಳೂ ಹೌದು: ಬಾಹುಗಳಷ್ಟರಿಂದ ಆಕೃತಿ ನಿಲ್ಲುವುದಿಲ್ಲ.

ಸರಾಸರಿ ಲೆಕ್ಕ ನಡೆದುಕೊಂಡು ಬಂದಿದ್ದಕ್ಕೆ ಕಾರಣ ಇದೆ. ಮೂಲೆ 90°ಗೆ ಹತ್ತಿರ ಇದ್ದರೆ ಸೈನ್ 1ಕ್ಕೆ ಅಂಟಿಕೊಂಡೇ ಇರುತ್ತೆ. 85°ಯಲ್ಲೂ 0.996. ನೂರಕ್ಕೆ ಅರ್ಧದಷ್ಟೂ ತಪ್ಪಲ್ಲ. 75°ಗೆ ಬಂದಾಗ ನೂರಕ್ಕೆ ಮೂರೂವರೆ ಹೋಗುತ್ತೆ, 60°ಯಲ್ಲಿ ಹದಿಮೂರು. ಒಂದು ವಿಷಯ ಗಮನಿಸಿ, ಈ ತಪ್ಪು ಯಾವಾಗಲೂ ಒಂದೇ ಕಡೆಗೆ: ವಿಸ್ತೀರ್ಣ ಹೆಚ್ಚು ತೋರಿಸುತ್ತೆ, ಕಡಿಮೆ ಎಂದೂ ತೋರಿಸಲ್ಲ. ಮಾರುವವರಿಗೆ ಅದರ ಮೇಲೆ ಪ್ರೀತಿ ಇದ್ದರೆ ಆಶ್ಚರ್ಯವಿಲ್ಲ.

ಸುಮಾ_ಎಸ್
ನಮ್ಮದೂ ಇದೇ ಸಮಸ್ಯೆ. ಮುಂದೆ 40, ಹಿಂದೆ 43, ಪಕ್ಕದಲ್ಲಿ 60 ಮತ್ತು 58. ಇದಕ್ಕೆ ಯಾವ ಕೋನದ ಸೈನ್ ಹಾಕಬೇಕು ಸರ್?

ಟೇಪು_ಗೂಟ
ಮೇಡಂ, ನಿಮ್ಮದು ಬೇರೆ ಸಮಸ್ಯೆ. ಎದುರು ಬದಿಗಳು ಸಮ ಇಲ್ಲದ ಮೇಲೆ ಅದು ಸಮಾಂತರ ಚತುರ್ಭುಜವೇ ಅಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಬೇರೆ ಕೋನ ಇರಬಹುದು, ಒಂದು ಸೈನಿನಿಂದ ಮುಗಿಯಲ್ಲ. ಒಂದು ಕರ್ಣ ಅಳೆದು ಎರಡು ತ್ರಿಭುಜ ಮಾಡಿಕೊಳ್ಳಿ, ಒಂದೊಂದಕ್ಕೂ ಮೂರು ಬಾಹುಗಳಿಂದ ಹೆರಾನ್ ಸೂತ್ರ ಹಾಕಿ ಕೂಡಿಸಿ. ಕರ್ಣದ ಅಳತೆ ಹಾಕಿ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.

ಪಿಯು_ಲೆಕ್ಕ
ನನಗೆ `ab sin θ` ಹಾಕಿದರೆ ಉತ್ತರ −930.7 ಬರ್ತಿದೆ!! ವಿಸ್ತೀರ್ಣ ಋಣ ಆಗುತ್ತಾ?

ಲಂಬರೇಖೆ
ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ. ಪರದೆಯ ಮೇಲೆ R ಕಾಣುತ್ತಿರಬೇಕು, D ಮಾಡಿಕೊಳ್ಳಿ. 75 ರೇಡಿಯನ್‌ನ ಸೈನ್ −0.3878, ಅದನ್ನು 2400ರಿಂದ ಗುಣಿಸಿದ್ದೀರಿ.

ಋಣ ಬಂದಿದ್ದು ಅದೃಷ್ಟ, ತಪ್ಪು ತಾನಾಗಿ ಕಂಡಿತು. ಇದೇ ಸೈಟಿನ ಮೂಲೆ 65° ಇದ್ದಿದ್ದರೆ ರೇಡಿಯನ್‌ನಲ್ಲಿ 1984 ಬರುತ್ತಿತ್ತು, ಸರಿಯಾದದ್ದು 2175. ನೋಡೋಕೆ ಯಾರಿಗೂ ಅನುಮಾನ ಬರಲ್ಲ. G, ಅಂದರೆ ಲಂಬಕೋನವನ್ನು 100 ಭಾಗ ಮಾಡುವ ಗ್ರೇಡಿಯನ್, ಇದ್ದರಂತೂ ಇನ್ನೂ ಮೋಸ: 75ಕ್ಕೆ 2217 ಕೊಡುತ್ತೆ. ಅಭ್ಯಾಸ ಮಾಡಿಕೊಳ್ಳಿ, ಲೆಕ್ಕಕ್ಕೆ ಮೊದಲು sin 30 ಒತ್ತಿ, 0.5 ಬಂದರೆ ಮುಂದೆ ಹೋಗಿ. ಎಕ್ಸೆಲ್‌ಗೆ ಡಿಗ್ರಿ ಅರ್ಥವೇ ಆಗಲ್ಲ, ಹೀಗೆ ಬರೆಯಬೇಕು:

```
=60*40*SIN(RADIANS(75))
```

ಪಿಯು_ಲೆಕ್ಕ
ಬಂತು, 2318.2. ಇನ್ನೊಂದು ಮೂಲೆಯ 105° ಹಾಕಿದರೂ ಅದೇ ಬರ್ತಿದೆ, ಸರಿ ತಾನೆ?

ಲಂಬರೇಖೆ
ಸರಿಯೇ. ಪಕ್ಕದ ಎರಡು ಮೂಲೆ ಸೇರಿ 180°, ಎರಡರ ಸೈನ್ ಒಂದೇ. ಆದ್ದರಿಂದ ಯಾವ ಮೂಲೆಯ ಕೋನ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಲ್ಟಾ ಹೋದಾಗ ಮಾತ್ರ ಹುಷಾರು: ವಿಸ್ತೀರ್ಣದಿಂದ ಕೋನ ಕಂಡುಹಿಡಿದರೆ ಕ್ಯಾಲ್ಕುಲೇಟರ್ ಯಾವಾಗಲೂ 75ನ್ನೇ ಕೊಡುತ್ತೆ, 105ನ್ನು ಕೊಡಲ್ಲ. ಸೈಟು ಎಡಕ್ಕೆ ವಾಲಿದೆಯೋ ಬಲಕ್ಕೋ ಅನ್ನೋದು ವಿಸ್ತೀರ್ಣದಿಂದ ತಿಳಿಯಲ್ಲ.

ವೆಕ್ಟರ್ ಪಾಠ ಮುಗಿದಿದ್ದರೆ ಇನ್ನೊಂದು ರೀತಿ ನೋಡಬಹುದು. 60ರ ಬಾಹುವನ್ನು (60, 0) ಎಂದಿಟ್ಟರೆ 40ರದ್ದು (10.35, 38.64). ಕ್ರಾಸ್ ಗುಣಲಬ್ಧದಲ್ಲಿ ಆ 10.35 ಸೊನ್ನೆಗೆ ಗುಣವಾಗಿ ಹೋಗುತ್ತೆ, ಉಳಿಯೋದು 60 × 38.64. ವಾಲಿದ ಭಾಗಕ್ಕೆ ವಿಸ್ತೀರ್ಣದಲ್ಲಿ ಪಾಲಿಲ್ಲ, ಎದ್ದು ನಿಂತ ಭಾಗಕ್ಕೆ ಮಾತ್ರ ಪಾಲು.

ಓರೆಸೈಟು
ಈಗ ಅರ್ಥ ಆಯ್ತು. ಭಾನುವಾರ ಹೋಗಿ ಅಳೀತೀನಿ. ಕೋನ ಅಳೆಯೋಕೆ ಮೊಬೈಲ್ ದಿಕ್ಸೂಚಿ ಸಾಕಾ? 75° ಅಂತ ನಕ್ಷೆಯಲ್ಲಿರೋದು ನಿಜವೋ ಅಲ್ಲವೋ ಅಂತಲೂ ನೋಡಬೇಕು.

ಟೇಪು_ಗೂಟ
ಬೇಡ. ನಿಮ್ಮ ಸೈಟಿನಲ್ಲಿ ಕೋನ ಒಂದು ಡಿಗ್ರಿ ತಪ್ಪಿದರೆ ವಿಸ್ತೀರ್ಣ ಸುಮಾರು 11 ಚದರಡಿ ತಪ್ಪುತ್ತೆ. ದಿಕ್ಸೂಚಿ ಪಕ್ಕದಲ್ಲಿ ಕಬ್ಬಿಣದ ಗೇಟೋ ಕಾರೋ ಇದ್ದರೆ ಮೂರು ಡಿಗ್ರಿ ಸಲೀಸಾಗಿ ಹೋಗುತ್ತೆ. 72° ಓದಿದರೆ 2283, 78° ಓದಿದರೆ 2348. ನೀವು ತೀರ್ಮಾನ ಮಾಡಬೇಕಿರೋದು 82 ಚದರಡಿಯ ವಿಷಯ, ಉಪಕರಣದ ತಪ್ಪೇ 30 ದಾಟಿದರೆ ಏನು ಪ್ರಯೋಜನ?

ಟೇಪಿನಿಂದಲೇ ಎರಡು ದಾರಿ ಇವೆ.

ಮೊದಲನೆಯದು ನೇರವಾಗಿ ಎತ್ತರ. 105° ಇರುವ ಮೂಲೆಯಲ್ಲಿ ಟೇಪಿನ ತುದಿ ಗೂಟಕ್ಕೆ ಸಿಕ್ಕಿಸಿ, ಎದುರಿನ 60 ಅಡಿ ಗಡಿಗೆ ದಾರ ಬಿಗಿದು ಕಟ್ಟಿ. ಟೇಪನ್ನು ಬಿಗಿಯಾಗಿ ಹಿಡಿದು ದಾರದ ಮೇಲೆ ಆ ಕಡೆ ಈ ಕಡೆ ಸರಿಸಿ. ಅಂಕಿ ಇಳಿಯುತ್ತಾ ಹೋಗಿ ಮತ್ತೆ ಏರುತ್ತೆ, ಎಲ್ಲಿ ಅತಿ ಕಡಿಮೆಯೋ ಅದೇ ಎತ್ತರ. ಮಟ್ಟಗೋಲು ಏನೂ ಬೇಡ. 75°ಯ ಮೂಲೆಯಿಂದ ಶುರು ಮಾಡಬೇಡಿ, ಅಲ್ಲಿಂದ ಲಂಬ ಬೀಳೋದು ಪಕ್ಕದವರ ಸೈಟಿನ ಒಳಗೆ ಹತ್ತಡಿ ದೂರದಲ್ಲಿ.

ಈ ವಿಧಾನದ ಒಂದು ಗುಣ ಹೇಳಲೇಬೇಕು. ಲಂಬದಿಂದ ಮೂರು ಡಿಗ್ರಿ ಸರಿದು ಅಳೆದಿರಿ ಅನ್ನಿ, 38.64 ಇರಬೇಕಾದ ಕಡೆ 38.69 ಬರುತ್ತೆ. ವಿಸ್ತೀರ್ಣದಲ್ಲಿ ಮೂರು ಚದರಡಿ. ಅದೇ ಮೂರು ಡಿಗ್ರಿಯನ್ನು ಮೂಲೆಯ ಕೋನದಲ್ಲಿ ತಪ್ಪಿದರೆ ಮೂವತ್ತರ ಮೇಲೆ. ಲಂಬದ ಹತ್ತಿರ ಟೇಪು ಸ್ವಲ್ಪ ಸರಿದರೂ ಉದ್ದ ಬದಲಾಗಲ್ಲ, ಅಷ್ಟೇ ಗುಟ್ಟು. ಆದರೆ ಎತ್ತರವನ್ನು ಇಂಚಿನ ಮಟ್ಟಿಗೆ ಸರಿಯಾಗಿ ಓದಿ. ಒಂದು ಇಂಚು ತಪ್ಪಿದರೆ 60 ಅಡಿ ಉದ್ದಕ್ಕೂ ತಪ್ಪಿ ಐದು ಚದರಡಿ ಆಗುತ್ತೆ.

ಎರಡನೆಯದು ಕರ್ಣ. ಇದೇ ನನಗೆ ಇಷ್ಟ. ಎರಡು ಬಾಹು, ಒಂದು ಗಿಡ್ಡ ಕರ್ಣ ಅಳೆದರೆ ಕೋನ ತಾನಾಗಿ ಬರುತ್ತೆ. ನಕ್ಷೆ ನಿಜವಾದರೆ ಗಿಡ್ಡ ಕರ್ಣ 62 ಅಡಿ 11 ಇಂಚು ಇರಬೇಕು, ಉದ್ದ ಕರ್ಣ 80 ಅಡಿ 3 ಇಂಚು. ಗಿಡ್ಡ ಕರ್ಣದಲ್ಲಿ ಇಂಚು ತಪ್ಪಿದರೂ ವಿಸ್ತೀರ್ಣ ಒಂದೂವರೆ ಚದರಡಿಯಷ್ಟೂ ಕದಲಲ್ಲ.

ಮೇಸ್ತ್ರಿಮಗ
ಇಡೀ ಕರ್ಣ ಯಾಕೆ? ಮೂಲೆಯಿಂದ ಎರಡೂ ಗಡಿಗುಂಟ 10 ಅಡಿಗೆ ಗುರುತು ಹಾಕಿ ಅವೆರಡರ ನಡುವೆ ಅಳೆದರೆ ಸಾಕು. 75°ಗೆ 12 ಅಡಿ 2 ಇಂಚು ಬರುತ್ತೆ. ಮೂಲೆ ಮಟ್ಟ ನಾವು ನೋಡೋದು ಹೀಗೇ.

ಟೇಪು_ಗೂಟ
ಗೋಡೆ ಕಟ್ಟೋಕೆ ಸಾಕು, ವಿಸ್ತೀರ್ಣಕ್ಕೆ ಸಾಲಲ್ಲ. ಆ 12 ಅಡಿ 2 ಇಂಚಿನಲ್ಲಿ ಒಂದು ಇಂಚು ತಪ್ಪಿದರೆ ಕೋನ 0.6° ತಪ್ಪುತ್ತೆ, ವಿಸ್ತೀರ್ಣ ಆರೂವರೆ ಚದರಡಿ. ಇಡೀ ಕರ್ಣದಲ್ಲಿ ಅದೇ ಇಂಚಿಗೆ 0.13° ಮಾತ್ರ. ಚಿಕ್ಕ ತ್ರಿಭುಜದಿಂದ ದೊಡ್ಡ ಸೈಟಿಗೆ ಹೋದರೆ ತಪ್ಪೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತೆ. ಸೈಟಿನ ಮಧ್ಯೆ ಕಟ್ಟಡ ಇದ್ದು ಕರ್ಣ ಅಳೆಯೋಕೆ ಆಗದಿದ್ದರೆ ನೀವು ಹೇಳಿದ್ದೇ ಗತಿ. ಆಗ 10ರ ಬದಲು 20 ಅಡಿ ಹಿಡಿಯಿರಿ.

ಮೇಸ್ತ್ರಿಮಗ
20 ಅಡಿ ಹಿಡಿಯೋಕೆ ಜಾಗ ಇದ್ದರೆ ಸರಿ. ಹಳೇ ಸೈಟುಗಳಲ್ಲಿ ಮೂಲೆಗೇ ಕಾಂಪೌಂಡು, ಗಿಡ ಎಲ್ಲ ಇರುತ್ತೆ. ನಿಮ್ಮ ಲೆಕ್ಕ ಖಾಲಿ ಸೈಟಿಗೆ.

ಸ್ಟೇಷನ್_ಸರ್ವೆ
ಕೋನದ ಸೂತ್ರವನ್ನು ಇಲ್ಲಿ ಸ್ವಲ್ಪ ಹೆಚ್ಚೇ ಬೈದಂತಾಯಿತು. ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಇಟ್ಟರೆ ಕೋನ ಐದು ಸೆಕೆಂಡಿನ, ಅಂದರೆ ಡಿಗ್ರಿಯ 720ನೇ ಒಂದು ಭಾಗದ ಮಟ್ಟಿಗೆ ಬರುತ್ತೆ. ಐದು ಸೆಕೆಂಡು ಅಂದರೆ ಈ ಸೈಟಿನಲ್ಲಿ 0.015 ಚದರಡಿ. ಆಗ ಬಾಹುಗಳ ಅಳತೆಯೇ ದೊಡ್ಡ ತಪ್ಪು, ಕೋನ ಅಲ್ಲ. ಕಟ್ಟಡ, ಬಾವಿ, ಪೊದೆ ಇದ್ದು ಲಂಬ ಹಿಡಿಯಲಾಗದ ಕಡೆ ಎರಡು ಗಡಿ ಮತ್ತು ಕೋನವೇ ದಾರಿ. ದೋಷ `ab sin θ`ದ್ದಲ್ಲ, ಕೋನಮಾಪಕದ್ದು.

ಚೂಪು ಮೂಲೆ ಇದ್ದಾಗ ಮಾತ್ರ ನಾನೂ ಹುಷಾರಾಗಿರುತ್ತೇನೆ. 75°ಯಲ್ಲಿ ಒಂದು ಡಿಗ್ರಿಗೆ ವಿಸ್ತೀರ್ಣ ನೂರಕ್ಕೆ ಅರ್ಧದಷ್ಟು ಕದಲಿದರೆ 30°ಯಲ್ಲಿ ನೂರಕ್ಕೆ ಮೂರು ಕದಲುತ್ತೆ. ಅಂಥ ಕಡೆ ಟೇಪಿನವರು ಎತ್ತರ ಅಳೆಯೋದೇ ಲೇಸು.

ಓರೆಸೈಟು
ಅಳೆದು ಬಂದೆ. ಎದುರು ಬದುರು ಗಡಿಗಳು ಎರಡೂ 60, ಎರಡೂ 40, ಗಡಿಕಲ್ಲಿನಿಂದ ಗಡಿಕಲ್ಲಿಗೆ. 41 ಅಡಿ 5 ಇಂಚು ಎಲ್ಲೂ ಬರಲಿಲ್ಲ. ಗಿಡ್ಡ ಕರ್ಣ 62 ಅಡಿ 11 ಇಂಚು. ಉದ್ದ ಕರ್ಣ 80 ಅಡಿ 6 ಇಂಚು, ಇದು ಮೂರು ಇಂಚು ಹೆಚ್ಚು ಬಂತು. ಹಾಗಾದರೆ ಆಕಾರ ಪೂರ್ತಿ ಸಮಾಂತರ ಚತುರ್ಭುಜ ಅಲ್ಲ ಅಂತಲಾ?

ಲಂಬರೇಖೆ
ಗಿಡ್ಡ ಕರ್ಣದಿಂದ ಮೊದಲು ಲೆಕ್ಕ ಮುಗಿಸೋಣ. ಬಾಹುಗಳ ವರ್ಗಗಳ ಮೊತ್ತ 3600 + 1600 = 5200. ಕರ್ಣ 62.917, ಅದರ ವರ್ಗ 3958.5. ವ್ಯತ್ಯಾಸ 1241.5, ಅದರ ಅರ್ಧ 620.75, ಇದೇ `ab cos θ`. ಈಗ 2400ರ ವರ್ಗದಿಂದ 620.75ರ ವರ್ಗ ಕಳೆದು ವರ್ಗಮೂಲ ತೆಗೆಯಿರಿ: 2318.3. ಸೈನ್ ಟೇಬಲ್ಲೂ ಬೇಡ, ಕೋನವೂ ಬೇಡ. ಹೆರಾನ್ ಸೂತ್ರದಿಂದ ಒಂದು ತ್ರಿಭುಜ ತೆಗೆದು ಎರಡರಿಂದ ಗುಣಿಸಿದರೂ 2318.3 ಬರುತ್ತೆ. ಕೋನ ಬೇಕೆಂದರೆ 75.01°. ನಕ್ಷೆಯ 75° ಸರಿ.

ಉದ್ದ ಕರ್ಣದ ವಿಷಯ. ಸಮಾಂತರ ಚತುರ್ಭುಜದಲ್ಲಿ ಎರಡು ಕರ್ಣಗಳ ವರ್ಗಗಳ ಮೊತ್ತ ನಾಲ್ಕು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ, ಇಲ್ಲಿ 10400. ನಿಮ್ಮದು 3958.5 + 6480.25, ಹತ್ತಿರ ಹತ್ತಿರ 10439. ಆಕಾರ ಸಮಾಂತರ ಚತುರ್ಭುಜ ಅಲ್ಲದಿದ್ದರೆ ಕರ್ಣಗಳ ವರ್ಗಗಳ ಮೊತ್ತ ಬಾಹುಗಳ ವರ್ಗಗಳ ಮೊತ್ತವಾದ 10400ಕ್ಕಿಂತ ಕಡಿಮೆ ಬರಬೇಕು, ಹೆಚ್ಚು ಯಾವ ಚತುರ್ಭುಜದಲ್ಲೂ ಬರೋಕೆ ಸಾಧ್ಯವಿಲ್ಲ. ಅಂದರೆ ಇದು ನೆಲದ ದೋಷವಲ್ಲ, ಅಳತೆಯ ದೋಷ. ನಿಮ್ಮ ಟೇಪು ಎಷ್ಟು ಅಡಿಯದ್ದು?

ಓರೆಸೈಟು
50 ಅಡಿ. ಉದ್ದ ಕರ್ಣ ಎರಡು ಸಲ ಹಿಡಿದೆವು. ಮಧ್ಯೆ ಜಲ್ಲಿ ರಾಶಿ ಇತ್ತು, ಪಕ್ಕದಿಂದ ಬಳಸಿ ಹೋದೆವು.

ಟೇಪು_ಗೂಟ
ಸಿಕ್ಕಿತಲ್ಲ. ಜೋಡಿಸಿದ ಜಾಗ ನೇರ ಗೆರೆಯಿಂದ ಮೂರು ಅಡಿ ಪಕ್ಕಕ್ಕೆ ಹೋದರೆ ಸರಿಯಾಗಿ ಮೂರು ಇಂಚು ಹೆಚ್ಚು ಬರುತ್ತೆ. ಟೇಪು ಜೋತು ಬಿದ್ದರೂ ಹೆಚ್ಚೇ ಬರುತ್ತೆ. ಆ 80 ಅಡಿ 6 ಇಂಚಿನಿಂದ ಲೆಕ್ಕ ಮಾಡಿದರೆ 2313, ಅಂದರೆ ಐದು ಚದರಡಿ ಕಮ್ಮಿ. ಇನ್ನೊಮ್ಮೆ ಹೋದರೆ ಮೊದಲು ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ದಾರದ ಮಗ್ಗುಲಲ್ಲೇ ಟೇಪು ಹಾಸಿ. ಜೊತೆಗೆ ಎತ್ತರವನ್ನೂ ಎರಡು ಕಡೆ ತೆಗೆಯಿರಿ, 38 ಅಡಿ 7½ ಇಂಚಿನ ಆಸುಪಾಸು ಬರಬೇಕು. ಎರಡು ಕಡೆಯೂ ಒಂದೇ ಬಂದರೆ ಗಡಿಗಳು ಸಮಾಂತರ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಒಂದು ಎಚ್ಚರಿಕೆ: ಎತ್ತರ ಅಳೆದಾಗ ಅದು ಯಾವ ಬಾಹುವಿಗೆ ಲಂಬ ಅಂತ ಪಕ್ಕದಲ್ಲೇ ಬರೆದುಕೊಳ್ಳಿ. 40ರ ಗಡಿಗೆ ಲಂಬ ಹಿಡಿದರೆ 57.96 ಬರುತ್ತೆ, ಅದನ್ನು 40ರಿಂದಲೇ ಗುಣಿಸಬೇಕು. 60ರಿಂದ ಗುಣಿಸಿ 3478 ಅಂತ ಬರೆದುಕೊಂಡು ಬರೋರು ಇದ್ದಾರೆ.

ಪುಸ್ತಕದ_ಅಟ್ಟಿ
ಹಾಗಾದರೆ ನೆಲದ ಮೇಲೆ 2318. ಆದರೆ ಕಾಗದದಲ್ಲಿ 2400 ಇದೆಯಲ್ಲ? ರಿಜಿಸ್ಟರ್ ಮಾಡುವಾಗ ಕಾಗದದ ಅಂಕಿಯೇ ಲೆಕ್ಕಕ್ಕೆ ಬರೋದು.

ಸ್ಟೇಷನ್_ಸರ್ವೆ
ಅಂಕಿ ಲೆಕ್ಕಕ್ಕೆ ಬರಬಹುದು, ಆದರೆ ಗಡಿಕಲ್ಲು ಇರೋ ಕಡೆಯೇ ಇರುತ್ತೆ. ಅದೇ ನಕ್ಷೆಯಲ್ಲಿ 60, 40, 75° ಮೂರೂ ಇವೆ, ಮೂರೂ ಸೇರಿ 2400 ಕೊಡಲ್ಲ. ಕಾಗದ ತನ್ನನ್ನೇ ಅಲ್ಲಗಳೆಯುತ್ತಿದೆ.

ಪುಸ್ತಕದ_ಅಟ್ಟಿ
40 ಲಂಬದ ಅಳತೆ ಅಂತ ಅವರು ವಾದಿಸಿದರೆ? ಆಗ ಕಾಗದ ಸರಿಯೇ ಇರುತ್ತೆ, ಹಿಂದಿನ ಗಡಿಕಲ್ಲೇ ಒಂದೂಕಾಲು ಅಡಿಯಷ್ಟು ಮುಂದೆ ಬಂದಿದೆ ಅಂತಾಗುತ್ತೆ.

ಸ್ಟೇಷನ್_ಸರ್ವೆ
ಆ ವಾದವೂ ನಿಲ್ಲಬಹುದು, ಒಪ್ಪುತ್ತೇನೆ. ಲಂಬದಲ್ಲಿ 38.64ರ ಬದಲು 40 ಆಗಬೇಕಾದರೆ ಹಿಂದಿನ ಗಡಿ 1.36 ಅಡಿ, ಅಂದರೆ 1 ಅಡಿ 4 ಇಂಚು ಹಿಂದೆ ಸರಿಯಬೇಕು. ಹಿಂದಿನ ಸೈಟಿನವರ ಅಳತೆ ನೋಡದೆ ಇದನ್ನು ಹೇಳೋಕೆ ಆಗಲ್ಲ. ಅವರ ಆಳವೂ ಲಂಬದಲ್ಲಿ ಗಿಡ್ಡವಿದ್ದರೆ ಇಡೀ ಸಾಲನ್ನೇ ಬಾಹುಗುಂಟ ಅಳೆದು ಹಂಚಿದ್ದಾರೆ ಅಂತ ಅರ್ಥ.

ಓರೆಸೈಟು
ಮಾರುವವರ ಹತ್ತಿರ ಬಡಾವಣೆಯ ಮೂಲ ನಕ್ಷೆ ಕೇಳಿದ್ದೇನೆ. 40ರ ಬಾಣದ ಗುರುತು ಗಡಿಗೆರೆಯ ಮೇಲೆ ಇದೆಯೋ, ರಸ್ತೆಗೆ ಲಂಬವಾಗಿ ಇದೆಯೋ ನೋಡಿ ಹಾಕುತ್ತೇನೆ. ಜಲ್ಲಿ ರಾಶಿ ತೆಗೆಯೋವರೆಗೆ ಉದ್ದ ಕರ್ಣದ ಕಥೆ ಹಾಗೇ ಇರಲಿ.